ಶಾಲು ತೆಗೆದಿಟ್ಟ ಮೇಲಿನ ಪರಿಚಯ

ಸನ್ಮಾನ ಸಮಾರಂಭದ ವೇದಿಕೆಯಲ್ಲಿ ನಿರೂಪಕರು ಬಿನ್ನವತ್ತಳೆ ಓದುತ್ತಾರೆ. ಸನ್ಮಾನಿತರು ಶಾಲು ಹೊದ್ದು ಸುಮ್ಮನೆ ಕುಳಿತಿರುತ್ತಾರೆ. ಆ ಹೊಗಳಿಕೆ ಬೇರೆಯವರ ಬಾಯಿಂದ ಬರುವುದರಿಂದ ಅಲ್ಲಿ ಅದಕ್ಕೆ ಶೋಭೆ. ಅದನ್ನೇ ಸ್ವಂತ ಜಾಲತಾಣದ ‘ನನ್ನ ಬಗ್ಗೆ’ ಪುಟಕ್ಕೆ ತಂದು ಅಂಟಿಸಿದಾಗ ತೊಡಕು ಶುರುವಾಗುತ್ತದೆ.

ಮೈಸೂರಿನ ವೀಣೆ ಶಿಕ್ಷಕಿಯೊಬ್ಬರ ಪುಟ ಹೀಗಿದೆ ಎಂದು ಕಲ್ಪಿಸಿಕೊಳ್ಳೋಣ:

“ಶ್ರೀಯುತರು ಸಂಗೀತ ಪರಂಪರೆಯ ಕುಟುಂಬದಲ್ಲಿ ಜನಿಸಿ, ಬಾಲ್ಯದಿಂದಲೇ ಕಲಾಸಕ್ತಿಯನ್ನು ಮೈಗೂಡಿಸಿಕೊಂಡು, ವಿದ್ವತ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, 22 ವರ್ಷಗಳಿಂದ ವೀಣಾ ಬೋಧನಾ ಕ್ಷೇತ್ರದಲ್ಲಿ ಅನುಪಮ ಸೇವೆ ಸಲ್ಲಿಸುತ್ತಿದ್ದು, ಹಲವಾರು ಪ್ರಶಸ್ತಿಗಳಿಗೆ ಭಾಜನರಾಗಿರುತ್ತಾರೆ.”

ಇದನ್ನು ತಿದ್ದಲು ಹೊರಟವರು ಸಾಮಾನ್ಯವಾಗಿ ಕ್ರಿಯಾಪದವನ್ನಷ್ಟೇ ಬದಲಿಸುತ್ತಾರೆ. ಆಗ ‘ಭಾಜನರಾಗಿರುತ್ತಾರೆ’ ಹೋಗಿ ‘ಭಾಜನಳಾಗಿರುತ್ತೇನೆ’ ಬರುತ್ತದೆ, ‘ಅನುಪಮ ಸೇವೆ’ ಹಾಗೇ ಉಳಿಯುತ್ತದೆ. ಗೌರವವಾಗಿದ್ದ ಮಾತು ಒಂದೇ ಪ್ರತ್ಯಯದಲ್ಲಿ ಆತ್ಮಸ್ತುತಿಯಾಗುತ್ತದೆ. ಹಾಗಾಗಿ ‘ಅವರು’ ಎಂಬಲ್ಲಿ ‘ನಾನು’ ಬರುವ ಮೊದಲೇ ಹೊಗಳಿಕೆಯ ಪದಗಳು ಹೊರಗೆ ಹೋಗಿರಬೇಕು.

ಅದಕ್ಕೆ ಪೆನ್ಸಿಲ್ ಹಿಡಿದು ಮಾಹಿತಿಗೆ ಮಾತ್ರ ಗೆರೆ ಎಳೆದರೆ ಸಾಕು. ಮೇಲಿನ ವಾಕ್ಯದಲ್ಲಿ ಗೆರೆ ಬೀಳುವುದು ಮೂರೇ ಕಡೆ: ಮನೆಯಲ್ಲಿ ಸಂಗೀತವಿತ್ತು, ವಿದ್ವತ್ ಆಗಿದೆ, 22 ವರ್ಷದಿಂದ ಪಾಠ ನಡೆಯುತ್ತಿದೆ. ‘ಹಲವಾರು ಪ್ರಶಸ್ತಿ’ಗೆ ಗೆರೆ ಬೀಳುವುದಿಲ್ಲ; ಯಾವುದು, ಯಾವಾಗ ಎಂದು ಅದು ಹೇಳುವುದೇ ಇಲ್ಲ. ವಾಕ್ಯದ ಕಟ್ಟು ಕೂಡ ಬಿಗಿಯಾಗಿದೆ. ‘ಜನಿಸಿ, ಮೈಗೂಡಿಸಿಕೊಂಡು, ಉತ್ತೀರ್ಣರಾಗಿ, ಸಲ್ಲಿಸುತ್ತಿದ್ದು’ ಎಂದು ನಾಲ್ಕು ಕಡೆ ಉಸಿರು ಕಟ್ಟಿ ಓದಿದ ಮೇಲೆ ಕೊನೆಯ ಕ್ರಿಯಾಪದ ಸಿಗುತ್ತದೆ. ಎದುರಿಗೆ ಕೂತು ಮಾತಾಡುವವರು ಯಾರೂ ಇಷ್ಟುದ್ದ ಎಳೆಯುವುದಿಲ್ಲ.

ಇನ್ನು ಉಳಿದದ್ದು ಪುಟ ತೆರೆದವರ ಪ್ರಶ್ನೆಗಳು. ತನ್ನ ಎಂಟು ವರ್ಷದ ಮಗಳಿಗೆ ವೀಣೆ ಕಲಿಸಬೇಕೆಂದಿರುವ ತಾಯಿಗೆ ಪ್ರಶಸ್ತಿಯ ಚಿಂತೆ ಕಡಿಮೆ. ಅಷ್ಟು ದೊಡ್ಡ ವಾದ್ಯದ ಮುಂದೆ ಮಗು ಕೂತೀತೇ, ಮೊದಲೇ ವೀಣೆ ಕೊಳ್ಳಬೇಕೇ, ಬೆರಳು ನೋಯುತ್ತದೆಯೇ ಎಂಬುದು ಅವಳಿಗೆ ಬೇಕು. ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಬರೆದ ಪುಟ ಹೀಗೆ ಬಂದೀತು:

“ನಮಸ್ಕಾರ. ಮೈಸೂರಿನಲ್ಲಿ, ನಮ್ಮ ಮನೆಯ ಮಹಡಿಯ ಮೇಲೆ 22 ವರ್ಷಗಳಿಂದ ವೀಣೆ ಹೇಳಿಕೊಡುತ್ತಿದ್ದೇನೆ. ನನಗೆ ಸರಳೆ ವರಸೆ ಹೇಳಿಕೊಟ್ಟವರು ಅಜ್ಜಿ. ತಂತಿ ಒತ್ತಿ ಬೆರಳು ನೋಯುತ್ತದೆಂದು ಅತ್ತರೆ ಕೊಬ್ಬರಿ ಎಣ್ಣೆ ಹಚ್ಚಿ ಮತ್ತೆ ಕೂರಿಸುತ್ತಿದ್ದರು. ಮುಂದೆ ವಿದ್ವತ್ ಪರೀಕ್ಷೆಯನ್ನೂ ಮುಗಿಸಿದೆ. ಹೊಸಬರು ಮೊದಲ ಮೂರು ತಿಂಗಳು ಇಲ್ಲಿರುವ ವೀಣೆಯಲ್ಲೇ ಕಲಿಯಬಹುದು, ಆಸಕ್ತಿ ನಿಂತರೆ ಆಮೇಲೆ ಕೊಂಡರಾಯಿತು. ಎಂಟು ವರ್ಷದ ಮಕ್ಕಳೂ ಬರುತ್ತಾರೆ, ನಿವೃತ್ತರಾದ ಮೇಲೆ ಶುರು ಮಾಡಿದವರೂ ಇದ್ದಾರೆ. ಒಂದು ಶನಿವಾರ ಬಂದು ಪಾಠ ಕೇಳಿ ನೋಡಿ.”

ಇಷ್ಟರಲ್ಲಿ ‘ನಾನು’ ಎಂಬ ಪದ ಒಮ್ಮೆಯೂ ಬಂದಿಲ್ಲ. ‘ಹೇಳಿಕೊಡುತ್ತಿದ್ದೇನೆ’, ‘ಮುಗಿಸಿದೆ’ ಎಂದರೆ ಯಾರು ಎಂಬುದು ಕ್ರಿಯಾಪದದಲ್ಲೇ ಇದೆ. ಪ್ರತಿ ವಾಕ್ಯವೂ ‘ನಾನು’ವಿನಿಂದ ಶುರುವಾದರೆ ಕನ್ನಡದ ಕಿವಿಗೆ ಅದು ಜಂಬವಾಗಿ ಕೇಳುತ್ತದೆ. ‘ಬೋಧನೆ’ ಇದ್ದಲ್ಲಿ ‘ಹೇಳಿಕೊಡು’ ಬಂದಿದೆ, ವಿದ್ವತ್ತು ಮಾತ್ರ ಎಲ್ಲೂ ಕಳೆದುಹೋಗಿಲ್ಲ.

ಆತ್ಮೀಯತೆಗೆಂದು ಆಡುಮಾತನ್ನೇ ಬರೆಯಬೇಕಾಗಿಲ್ಲ. ಮೈಸೂರಿನ ‘ಬರ್ತೀನಿ’ ಮಂಗಳೂರಿನಲ್ಲಿ ‘ಬರ್ತೇನೆ’ ಆಗುತ್ತದೆ. ‘ಬರುತ್ತೇನೆ’ ಎಂದರೆ ಎರಡೂ ಊರಿಗೆ ಒಪ್ಪುತ್ತದೆ.

ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಬಿಗಿ ಸಡಿಲಿಸುವ ಭರದಲ್ಲಿ ‘ವೀಣೆಯೇ ನನ್ನ ಉಸಿರು’ ಎಂಬಂಥ ಸಾಲು ನುಸುಳುತ್ತದೆ. ಇಂಥದನ್ನು ಹಿಡಿಯಲು ಸುಲಭದ ದಾರಿಯಿದೆ: ಆ ಸಾಲಿನ ಮುಂದೆ ಬೇರೊಬ್ಬ ಶಿಕ್ಷಕರ ಹೆಸರಿಟ್ಟು ಓದಬೇಕು. ಉಸಿರಿನ ಸಾಲು ಯಾರಿಗೆ ಬೇಕಾದರೂ ಹೊಂದುತ್ತದೆ. ಅಜ್ಜಿಯ ಕೊಬ್ಬರಿ ಎಣ್ಣೆಯ ಸಾಲು ಈ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಆದರೆ ಆ ಅಜ್ಜಿ ನಿಜವಾಗಿ ಇದ್ದಿರಬೇಕು. ಕಟ್ಟಿಕೊಂಡ ನೆನಪು ಮೊದಲ ಭೇಟಿಯ ಮಾತಿನಲ್ಲೇ ಸಿಕ್ಕಿಬೀಳುತ್ತದೆ.

ಹಳೆಯ ಪರಿಚಯವನ್ನು ಪೂರ್ತಿ ಎಸೆಯುವಂತಿಲ್ಲ. ಕಛೇರಿಗೆ ಕರೆಯುವ ಸಭಾದವರಿಗೆ ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು, ವೇದಿಕೆಯಲ್ಲಿ ಓದಿಸಲು ‘ಅವರು’ ಎಂದೇ ಬರೆದ ಮೂರು ಸಾಲು ಬೇಕಾಗುತ್ತದೆ. ಗುರುಗಳ ಹೆಸರು, ವಿದ್ವತ್ ಮುಗಿಸಿದ ವರ್ಷ, ಪ್ರಶಸ್ತಿ ಇದ್ದರೆ ಅದರ ಪೂರ್ಣ ಹೆಸರು ಅಲ್ಲಿರಲಿ. ಪುಟದ ತಳದಲ್ಲಿ ‘ಸಂಘಟಕರಿಗೆ’ ಎಂಬ ಪುಟ್ಟ ಶೀರ್ಷಿಕೆ ಕೊಟ್ಟು ಅದನ್ನು ಇಟ್ಟರೆ, ಮಗಳ ಪಾಠಕ್ಕೆ ಬಂದ ತಾಯಿ ಶನಿವಾರದ ಸಾಲಿನಲ್ಲೇ ನಿಲ್ಲುತ್ತಾಳೆ, ಸಭಾದವರು ಕೆಳಗಿಳಿದು ತಮಗೆ ಬೇಕಾದದ್ದನ್ನು ನಕಲು ಮಾಡಿಕೊಳ್ಳುತ್ತಾರೆ.