ಹೆಗಲೇರಿದ ಪುಸ್ತಕದಂಗಡಿ

ಲಂಡನ್ನಿನ ಡಾಂಟ್ ಬುಕ್ಸ್ ತನ್ನ ಬಟ್ಟೆ ಚೀಲದ ಮೇಲೆ ಅಂಗಡಿಯ ಮುಂಭಾಗದ ರೇಖಾಚಿತ್ರವನ್ನೇ ಅಚ್ಚು ಹಾಕಿಸಿತು. ಜನ ಅದನ್ನು ದುಡ್ಡು ಕೊಟ್ಟು ಕೊಂಡು ಊರೆಲ್ಲ ಹೊತ್ತು ತಿರುಗುತ್ತಾರೆ. ಬರೀ ಫೋನ್ ನಂಬರು, ವಿಳಾಸ ತುಂಬಿದ್ದರೆ ಆ ಚೀಲ ತರಕಾರಿಗೂ ಹೊರಡುತ್ತಿರಲಿಲ್ಲ.

ನಮ್ಮ ಬಡಾವಣೆಯ ಅಂಗಡಿಗೂ ಇದು ಸಾಧ್ಯ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಮಾಡಿಸಬೇಕು. ಒಂದಕ್ಕೆ 600 ರೂಪಾಯಿ ಎಂದಿಟ್ಟುಕೊಳ್ಳಿ: 50 ಚೀಲ ಮಾಡಿಸಿದರೆ ಚೀಲಕ್ಕೆ 12 ರೂಪಾಯಿ ಬೀಳುತ್ತದೆ, 300 ಮಾಡಿಸಿದರೆ ಎರಡೇ. ಬಣ್ಣ ಎರಡಾದರೆ ಆ ಖರ್ಚೂ ಇಮ್ಮಡಿ. ಒಂದೇ ಬಣ್ಣ, ದಪ್ಪ ಗೆರೆ ಸಾಕು. ಕೂದಲೆಳೆಯಂಥ ಗೆರೆ ಒರಟು ನೇಯ್ಗೆಯಲ್ಲಿ ಒಡೆದುಹೋಗುತ್ತದೆ.

ಉಳಿಸಿದ ಹಣವನ್ನು ಹಿಡಿಕೆಗೆ ಹಾಕಿ. ಪುಸ್ತಕದ ಭಾರಕ್ಕೆ ಮೊದಲು ಕಿತ್ತುಬರುವುದು ಅದೇ. ಹಿಡಿಕೆ ಸೇರುವಲ್ಲಿ ಚೌಕದೊಳಗೆ ಅಡ್ಡಡ್ಡ ಹೊಲಿಗೆ ಇರಲಿ. ಗಿಡ್ಡ ಹಿಡಿಕೆಯ ಚೀಲ ಕೈಯಲ್ಲಿ ಮೊಣಕಾಲ ಬಳಿ ತೂಗುತ್ತದೆ. ಹೆಗಲಿಗೇರಿದರಷ್ಟೇ ಚಿತ್ರ ಕಣ್ಣಿಗೆ ಬೀಳುವುದು.

ಆರ್ಡರ್ ಕೊಡುವ ಮುನ್ನ ಒಂದು ಮಾದರಿ ತರಿಸಿ, ಎರಡು ನಿಘಂಟು ತುಂಬಿ, ರಾತ್ರಿಯಿಡೀ ಗೂಟಕ್ಕೆ ನೇತುಹಾಕಿ ನೋಡಿ.