ಮೊದಲ ಸರ್ಕ್ಯೂಟ್‌ಗೆ ಒಂದೇ ಪುಸ್ತಕ ಸಾಕು

ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿದ ಹುಡುಗಿಗೆ ಒಂದೇ ಪುಸ್ತಕ ಕೊಡಿಸಲು ಸಾಧ್ಯವಿದ್ದರೆ, ನಾನು ಫಾರೆಸ್ಟ್ ಮಿಮ್ಸ್ ಅವರ 'ಗೆಟ್ಟಿಂಗ್ ಸ್ಟಾರ್ಟೆಡ್ ಇನ್ ಎಲೆಕ್ಟ್ರಾನಿಕ್ಸ್' ಕೊಡಿಸುತ್ತೇನೆ. 1983ರಲ್ಲಿ ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳಿಗಾಗಿ ಬಂದ ಈ ಪುಸ್ತಕದ ಅಕ್ಷರ, ಚಿತ್ರ ಎರಡೂ ಕೈಬರಹದವು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ಚಿತ್ರಗಳೇ ಅರ್ಧ ಪಾಠ ಹೇಳಿಬಿಡುತ್ತವೆ.

ಓದುತ್ತಲೇ ಒಂದು ಎಲ್‌ಇಡಿ ಹೊತ್ತಿಸಿ ನೋಡಬೇಕು. 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 7 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 470 ಓಮ್ ಹಾಕಿದರೆ 7 ÷ 470, ಅಂದರೆ ಸುಮಾರು 15 ಮಿಲಿಆಂಪಿಯರ್ ಹರಿಯುತ್ತದೆ. ಬೆಳಕಿಗೆ ಅಷ್ಟು ಧಾರಾಳ. ಆ ರೆಸಿಸ್ಟರನ್ನು ಹಳದಿ, ನೇರಳೆ, ಕಂದು ಪಟ್ಟಿಗಳಿಂದ ಗುರುತಿಸಬಹುದು. ಹೊತ್ತದಿದ್ದರೆ ಮೊದಲು ಎಲ್‌ಇಡಿಯನ್ನು ತಿರುಗಿಸಿ ನೋಡಿ: ಉದ್ದದ ಕಾಲು ಪ್ಲಸ್ ಕಡೆಗಿರಬೇಕು. ಆಮೇಲೆ ಬ್ರೆಡ್‌ಬೋರ್ಡಿನ ಸಾಲು ತಪ್ಪಿದೆಯೇ ಎಂದು ನೋಡಿ; ನಡುವಿನ ಕಾಲುವೆಯ ಆಚೀಚೆಗಿನ ರಂಧ್ರಗಳಿಗೆ ಪರಸ್ಪರ ಸಂಪರ್ಕವಿಲ್ಲ.

ಪುಸ್ತಕದ ಕೊರತೆಯೂ ಇದೆ. ಅರ್ಡುಯಿನೋದಂಥ ಬೋರ್ಡುಗಳು ಇದರಲ್ಲಿಲ್ಲ. ಆದರೆ ಇದರ 555 ಟೈಮರ್ ಚಿಪ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವತ್ತಿಗೂ ಅಗ್ಗಕ್ಕೆ ಸಿಗುತ್ತದೆ.