ಬೆಲೆ ಮತ್ತು ಬೆಳೆ: ಯಂತ್ರದ ದನಿಗೆ ಯಾವ ಪದ ಕೊಟ್ಟು ಪರೀಕ್ಷಿಸಬೇಕು?

ಅರಸೀಕೆರೆಯ ತೆಂಗು ಬೆಳೆಗಾರರಿಗೆ ಫೋನಿನಲ್ಲಿ ಕೊಬ್ಬರಿ ದರ ಓದಿ ಹೇಳುವ ಯಂತ್ರದ ದನಿಯೊಂದನ್ನು ಕಲ್ಪಿಸಿಕೊಳ್ಳಿ. ಅದು 'ಬೆಳೆ'ಯನ್ನು 'ಬೆಲೆ' ಅಂದರೆ ಮಾಹಿತಿಯೇ ಬದಲಾಗುತ್ತದೆ. ಹಾಗಾಗಿ ದನಿಯನ್ನು ಜನರಿಗೆ ಕೊಡುವ ಮೊದಲು ಕನ್ನಡದ ಎಲ್ಲ ಉಲಿಗಳೂ ಬರುವ ಪದಪಟ್ಟಿ ಬೇಕು. ಅದನ್ನು ಮಾಡೋದು ಹೇಗೆ?

ಕೆಲಸ ಸರಳ. ಉಲಿಗಳನ್ನೆಲ್ಲ ಬರೆದುಕೊಳ್ಳಿ. ಹೆಚ್ಚು ಉಲಿಗಳಿರುವ ಪದವನ್ನು ಮೊದಲು ಆರಿಸಿ, ಬಂದ ಉಲಿಗಳನ್ನು ಹೊಡೆದುಹಾಕಿ. ಆಮೇಲೆ, ಉಳಿದವುಗಳಲ್ಲಿ ಹೆಚ್ಚನ್ನು ತರುವ ಪದವನ್ನು ಹುಡುಕುತ್ತಾ ಹೋಗಿ.

ನಮ್ಮ ಊರುಗಳಿಂದಲೇ ಶುರುಮಾಡೋಣ. 'ಹಳೇಬೀಡು' ಎಂಟು ಉಲಿ ಕೊಡುತ್ತದೆ: ಹ, ಅ, ಳ, ಏ, ಬ, ಈ, ಡ, ಉ. 'ಅರಸೀಕೆರೆ' ಹೊಸದಾಗಿ ತರುವುದು ರ, ಸ, ಕ, ಎ. 'ಬೇಲೂರು' ತರುವುದು ಲ, ಊ ಎರಡೇ. ಮೂರು ಊರಿಗೆ ಹದಿನಾಲ್ಕು. 'ಬಾಣಾವರ' ಸೇರಿಸಿದರೆ ಆ, ಣ, ವ ಸಿಕ್ಕಿ ಹದಿನೇಳು. ಆದರೆ ಒಂದೂ ಮಹಾಪ್ರಾಣವಿಲ್ಲ. ಅದಕ್ಕೆ 'ವಿಷ್ಣುವರ್ಧನ'ನಂಥ ಹೆಸರನ್ನು ಬೇಕಂತಲೇ ಹುಡುಕಿ ಸೇರಿಸಬೇಕು.

ಇಲ್ಲಿ ಅಕ್ಷರ ಎಣಿಸಿದರೆ ಮೋಸ ಹೋಗುತ್ತೇವೆ. ಸೊನ್ನೆ ಒಂದೇ ಅಕ್ಷರ, ಆದರೆ 'ಗಂಡಸಿ'ಯಲ್ಲಿ ಅದು ಣಕಾರ, 'ಕೊಂಬೆ'ಯಲ್ಲಿ ಮಕಾರ, 'ತೆಂಗು' ಅನ್ನುವಾಗ ಗಂಟಲ ಹತ್ತಿರದ ಙಕಾರ. ಮೂರೂ ಪಟ್ಟಿಯಲ್ಲಿರಬೇಕು. 'ಹಳ'ದ ಳಕಾರ ಸರಿಯಿದ್ದರೂ 'ಹಳ್ಳ'ದ ಒತ್ತು ತಪ್ಪಬಹುದು, ಅದನ್ನೂ ಬೇರೆಯಾಗಿ ನೋಡಬೇಕು.

ಪಟ್ಟಿ ತುಂಬಿತು ಅಂದಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ದನಿ 'ಹಲೇಬೀಡು' ಅಂದರೂ ಊರು ಗೊತ್ತಿರುವವರ ಕಿವಿ ಅದನ್ನು 'ಹಳೇಬೀಡು' ಎಂದೇ ತಿದ್ದಿಕೊಳ್ಳುತ್ತದೆ. ಆದ್ದರಿಂದ ಒಂದೇ ಉಲಿಯಲ್ಲಿ ಬೇರೆಯಾಗುವ ಜೋಡಿಗಳು ಬೇಕು: ಬೆಲೆ–ಬೆಳೆ, ಹಲ್ಲಿ–ಹಳ್ಳಿ, ಮನೆ–ಮಣೆ, ಕತೆ–ಕತ್ತೆ, ಕೆರೆ–ಕೇರೆ. ಬರಹ ತೋರಿಸದೆ ಒಂದನ್ನು ಮಾತ್ರ ಕೇಳಿಸಿ, ಯಾವುದು ಅಂತ ಕೇಳಿ. ಸುಮಾರು ಅರ್ಧ ಉತ್ತರಗಳಷ್ಟೇ ಸರಿಯಿದ್ದರೆ ಕೇಳುವವರು ಊಹಿಸುತ್ತಿದ್ದಾರೆ ಅಂತರ್ಥ. ಹಿಂದಿಯ ಉಲಿಪಟ್ಟಿಯನ್ನೇ ಇಟ್ಟುಕೊಂಡು ಕಟ್ಟಿದ ದನಿ ಕೊನೆಯ ಜೋಡಿಯಲ್ಲಿ ಎಡವುವ ಸಾಧ್ಯತೆ ಹೆಚ್ಚು, ಯಾಕಂದ್ರೆ ಹಿಂದಿಯಲ್ಲಿ ಎ–ಏ ಭೇದವೇ ಇಲ್ಲ.

ತಪ್ಪು ಸಿಕ್ಕಿತು, ಆದರೆ ಅದು ಎಲ್ಲಿದೆ? ಕನ್ನಡ ಓದುವ ಮುಕ್ತ ತಂತ್ರಾಂಶ ಈಸ್ಪೀಕ್‌ನಲ್ಲಿ ಪದ ಯಾವ ಉಲಿಯಾಯಿತು ಅಂತ ನೋಡಬಹುದು:

```
espeak-ng -v kn -q --ipa "ಬೆಲೆ ಬೆಳೆ"
```

ಎರಡಕ್ಕೂ ಒಂದೇ ಗುರುತು ಬಂದರೆ ಬರಹವನ್ನು ಉಲಿಯಾಗಿಸುವ ನಿಯಮ ತಪ್ಪಿದೆ. ಗುರುತು ಬೇರೆಯಾಗಿದ್ದೂ ಕಿವಿಗೆ ಒಂದೇ ಕೇಳಿದರೆ ತಪ್ಪು ದನಿಯದ್ದು. ರಿಪೇರಿ ಎರಡಕ್ಕೂ ಬೇರೆ ಬೇರೆ.

ಬಿಡಿಪದಗಳಿಗೂ ಮಿತಿಯಿದೆ. ವಾಕ್ಯದ ಏರಿಳಿತ, 'ಊರಿಗೆ ಹೋಗ್ತೀನಿ' ಎಂಬಂಥ ಆಡುಮಾತಿನ ಸವೆತ ಇವುಗಳಿಂದ ತಿಳಿಯುವುದಿಲ್ಲ, ಅದಕ್ಕೆ ವಾಕ್ಯಗಳೇ ಬೇಕು. ಆದರೆ 'ಬೆಲೆ'ಯನ್ನೂ 'ಬೆಳೆ'ಯನ್ನೂ ಬೇರೆಯಾಗಿ ನುಡಿಯದ ದನಿಯನ್ನು ಅಲ್ಲೀತನಕ ಒಯ್ಯುವ ಅಗತ್ಯವೇ ಇಲ್ಲ.